ಹುಬ್ಬಳ್ಳಿಗೆ ಬ್ಯಾಟರಿ ವಿಮಾನ ಏಕೆ ಹಾರುತ್ತಿಲ್ಲ?

ಪ್ರಶ್ನೆ: ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಹೆಚ್ಚೆಂದರೆ ಒಂದೂಕಾಲು ತಾಸು. ನನ್ನ ಎಲೆಕ್ಟ್ರಿಕ್ ಕಾರು ಒಂದು ಚಾರ್ಜಿನಲ್ಲಿ ಅಷ್ಟು ದೂರ ಹೋಗುತ್ತದೆ. ಹಾಗಿದ್ದ ಮೇಲೆ ಇಂಥ ಸಣ್ಣ ಮಾರ್ಗಗಳಿಗಾದರೂ ಬ್ಯಾಟರಿ ವಿಮಾನ ತರುವುದನ್ನು ಬಿಟ್ಟು, ಕರಿದ ಎಣ್ಣೆಯಿಂದ ಮಾಡಿದ ಇಂಧನದ ಹಿಂದೆ ಎಲ್ಲರೂ ಏಕೆ ಬಿದ್ದಿದ್ದಾರೆ? ಬ್ಯಾಟರಿ ಇನ್ನೂ ಸ್ವಲ್ಪ ಸುಧಾರಿಸಿದರೆ ಸಾಕಲ್ಲವೇ?

ಉತ್ತರ: ಸ್ವಲ್ಪ ಸುಧಾರಿಸಿದರೆ ಸಾಲದು, ಆರೇಳು ಪಟ್ಟು ಸುಧಾರಿಸಬೇಕು. ಈ ಮಾತನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಾಗಿಲ್ಲ. ಮನೆಯ ವಿದ್ಯುತ್ ಬಿಲ್ಲನ್ನು ಓದಬಲ್ಲವರು ಯಾರಾದರೂ ಕಾಗದದ ಮೇಲೆ ಇದನ್ನು ಲೆಕ್ಕ ಹಾಕಿ ನೋಡಬಹುದು. ನೀವು ಕೇಳಿರುವ ಮಾರ್ಗವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ, ಅಲ್ಲಿ ಹಾರುವ ಎಟಿಆರ್ 72-600 ವಿಮಾನವನ್ನೇ ತೆಗೆದುಕೊಳ್ಳುತ್ತೇನೆ. ಎರಡು ಪ್ರೊಪೆಲ್ಲರ್‌ಗಳ, ಸುಮಾರು 70 ಆಸನಗಳ ಈ ವಿಮಾನ ಇಂಧನವನ್ನು ಮಿತವಾಗಿ ಬಳಸುವುದಕ್ಕೇ ಹೆಸರಾದದ್ದು. ಆದ್ದರಿಂದ ಬ್ಯಾಟರಿಯ ವಿರುದ್ಧ ಪಕ್ಷಪಾತ ಮಾಡಿದೆನೆಂಬ ಆಕ್ಷೇಪಕ್ಕೆ ಎಡೆಯಿರುವುದಿಲ್ಲ.

ಮೊದಲು ತೂಕದ ಲೆಕ್ಕ. ಈ ವಿಮಾನ ಗರಿಷ್ಠ 23 ಟನ್ ತೂಕದಲ್ಲಿ ಮೇಲೇರಬಹುದು. ಪ್ರಯಾಣಿಕರೂ ಇಂಧನವೂ ಇಲ್ಲದೆ, ಸಿಬ್ಬಂದಿ ಮತ್ತು ಸಾಮಗ್ರಿಗಳೊಂದಿಗೆ ಅದರ ತೂಕ ಸುಮಾರು 13.5 ಟನ್. ಸಾಮಾನು ಸೇರಿ ಒಬ್ಬರಿಗೆ 95 ಕಿಲೊ ಎಂದು ಹಿಡಿದರೆ 70 ಜನರಿಗೆ 6.65 ಟನ್ ಆಗುತ್ತದೆ. ಉಳಿದದ್ದು 2.85 ಟನ್. ಇಂಧನವಾಗಲಿ ಬ್ಯಾಟರಿಯಾಗಲಿ ಈ 2.85 ಟನ್ನಿನೊಳಗೇ ಇರಬೇಕು. ಟರ್ಬೈನ್ ಎಂಜಿನ್ ಕಿತ್ತು ಮೋಟಾರ್ ಕೂರಿಸಿದರೆ ತೂಕ ಹೆಚ್ಚುಕಡಿಮೆ ಆಗುವುದಿಲ್ಲ ಎಂದೇ ಉದಾರವಾಗಿ ಭಾವಿಸೋಣ.

ಇನ್ನು ಆ ತೂಕದಲ್ಲಿ ಎಷ್ಟು ಶಕ್ತಿ ಹಿಡಿಯುತ್ತದೆ ಎಂಬುದು. ಒಂದು ಕಿಲೊ ವಿಮಾನ ಇಂಧನದಲ್ಲಿ ಸುಮಾರು 12 ಯೂನಿಟ್ ಶಕ್ತಿಯಿದೆ. ಯೂನಿಟ್ ಎಂದರೆ ನಿಮ್ಮ ಮೀಟರಿನಲ್ಲಿ ಓಡುವ ಅದೇ ಯೂನಿಟ್, ಒಂದು ಕಿಲೊವಾಟ್-ಗಂಟೆ. ಒಳ್ಳೆಯ ಲಿಥಿಯಂ ಅಯಾನ್ ಕೋಶದಲ್ಲಿ ಕಿಲೊಗೆ 0.25ರಿಂದ 0.3 ಯೂನಿಟ್ ಹಿಡಿಯುತ್ತದೆ. ಕೋಶಗಳನ್ನು ಜೋಡಿಸಿ, ತಂಪಾಗಿಡುವ ವ್ಯವಸ್ಥೆ ಸೇರಿಸಿ, ಪೆಟ್ಟಿಗೆಯೊಳಗಿಟ್ಟ ಮೇಲೆ ಇಡೀ ಬ್ಯಾಟರಿಯ ಲೆಕ್ಕದಲ್ಲಿ ಅದು 0.2 ಯೂನಿಟ್‌ಗೆ ಇಳಿಯುತ್ತದೆ. 12ಕ್ಕೆ 0.2 ಎಂದರೆ ಅರವತ್ತು ಪಟ್ಟು ವ್ಯತ್ಯಾಸ. ಆದರೆ ಈ ಅರವತ್ತನ್ನು ಹಾಗೆಯೇ ಎತ್ತಿ ಹೇಳುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಟರ್ಬೈನ್ ಎಂಜಿನ್ ತನಗೆ ಕೊಟ್ಟ ಶಕ್ತಿಯಲ್ಲಿ ಬಹುಪಾಲನ್ನು ಬಿಸಿಗಾಳಿಯಾಗಿ ಹೊರಗೆ ಚೆಲ್ಲುತ್ತದೆ. ಪ್ರೊಪೆಲ್ಲರಿನ ನಷ್ಟವೂ ಸೇರಿ ಕಾಲುಭಾಗದಷ್ಟು ಮಾತ್ರ ವಿಮಾನವನ್ನು ಮುಂದಕ್ಕೆ ನೂಕುವ ಕೆಲಸಕ್ಕೆ ದಕ್ಕುತ್ತದೆ. ವಿದ್ಯುತ್ ಮೋಟಾರಿನಲ್ಲಾದರೆ ಬ್ಯಾಟರಿಯಿಂದ ಹೊರಬಂದ ಶಕ್ತಿಯ ಮುಕ್ಕಾಲು ಪಾಲು ಕೆಲಸಕ್ಕೆ ಬರುತ್ತದೆ.

ಹಾಗಾದರೆ ಬ್ಯಾಟರಿಯ ಶಕ್ತಿಯೆಲ್ಲವನ್ನೂ ಹೊರತೆಗೆಯಬಹುದೇ ಎಂದರೆ, ಅದೂ ಆಗುವುದಿಲ್ಲ. ಚಾರ್ಜು ಕೆಳಗಿಳಿದಂತೆ ಕೋಶದ ವೋಲ್ಟೇಜು ಕುಸಿಯುತ್ತದೆ, ಒಮ್ಮೆಲೇ ದೊಡ್ಡ ಪ್ರಮಾಣದ ವಿದ್ಯುತ್ತನ್ನು ಕೊಡುವ ತಾಕತ್ತು ಕಡಿಮೆಯಾಗುತ್ತದೆ. ಕಾರಿನಲ್ಲಿ ಇದು ಕಿರಿಕಿರಿಯಷ್ಟೆ. ವಿಮಾನದಲ್ಲಿ ಪೈಲಟ್ ರನ್‌ವೇ ಕಾಣದೆ ಇಳಿಯುವುದನ್ನು ಕೈಬಿಟ್ಟು ಪೂರ್ಣ ಶಕ್ತಿಯೊಂದಿಗೆ ಮತ್ತೆ ಮೇಲೇರಬೇಕಾದ ಸಂದರ್ಭ ಬರುವುದು ಪ್ರಯಾಣದ ಕೊನೆಯಲ್ಲಿಯೇ, ಅಂದರೆ ಬ್ಯಾಟರಿ ಅತ್ಯಂತ ದುರ್ಬಲವಾಗಿರುವಾಗಲೇ. ಆದ್ದರಿಂದ ತಳದಲ್ಲಿ ಒಂದಷ್ಟನ್ನು ಮುಟ್ಟದೆ ಬಿಡಬೇಕು. ಬಳಕೆಗೆ ಸಿಗುವುದು ಶೇಕಡಾ 80 ಎಂದಿಟ್ಟುಕೊಂಡರೆ ಕಿಲೊಗೆ 0.16 ಯೂನಿಟ್, ಅದರ ಮುಕ್ಕಾಲು ಎಂದರೆ 0.12 ಯೂನಿಟ್ ನೂಕುವ ಕೆಲಸವಾಗುತ್ತದೆ. ಇಂಧನದ ಕಡೆ 12ರ ಕಾಲುಭಾಗ, 3 ಯೂನಿಟ್. ಎಲ್ಲ ರಿಯಾಯಿತಿ ಕೊಟ್ಟ ಮೇಲೂ ಇಪ್ಪತ್ತೈದು ಪಟ್ಟು ಅಂತರ ಉಳಿಯುತ್ತದೆ.

ಈಗ ಹಾರಾಟ. ಇಂಥ ವಿಮಾನದ ರೆಕ್ಕೆ 16 ಕಿಲೊ ತೂಕವನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸಬೇಕಾದರೆ ಗಾಳಿಯ ಎಳೆತವನ್ನು ಗೆಲ್ಲಲು ಒಂದು ಕಿಲೊ ತೂಕದಷ್ಟು ನೂಕು ಬೇಕಾಗುತ್ತದೆ. ಈ ಹದಿನಾರಕ್ಕೆ ಒಂದು ಎಂಬ ಪ್ರಮಾಣವನ್ನು 23 ಟನ್ನಿಗೆ ಅನ್ವಯಿಸಿದರೆ ಪ್ರತಿ ಕಿಲೋಮೀಟರಿಗೆ 3.9 ಯೂನಿಟ್ ಕೆಲಸ ಆಗಬೇಕು. ಬ್ಯಾಟರಿಯಿಂದ ತೆಗೆಯಬೇಕಾದದ್ದು 5.2 ಯೂನಿಟ್, ಇಂಧನವಾದರೆ 1.3 ಕಿಲೊ. ಗಂಟೆಗೆ ಸುಮಾರು 500 ಕಿ.ಮೀ. ವೇಗದ ಈ ವಿಮಾನ ಗಂಟೆಗೆ 650ರಿಂದ 700 ಕಿಲೊ ಇಂಧನ ಕುಡಿಯುತ್ತದೆ ಎಂಬುದು ವಾಸ್ತವದ ಅಂಕಿ. ಆದ್ದರಿಂದ ನಮ್ಮ ಕಾಗದದ ಲೆಕ್ಕ ದಾರಿ ತಪ್ಪಿಲ್ಲ.

ಬೆಂಗಳೂರಿನಿಂದ ಹುಬ್ಬಳ್ಳಿಗೆ ವಾಯುಮಾರ್ಗದಲ್ಲಿ ಸುಮಾರು 370 ಕಿ.ಮೀ. ನಮ್ಮ 2.85 ಟನ್ ಬ್ಯಾಟರಿಯಲ್ಲಿ ಬಳಸಲು ಸಿಗುವುದು 456 ಯೂನಿಟ್. ಕಿಲೋಮೀಟರಿಗೆ 5.2ರಂತೆ ಖರ್ಚಾದರೆ 90 ಕಿ.ಮೀ. ತುಂಬುವುದರೊಳಗೆ ಅದು ಮುಗಿಯುತ್ತದೆ. ದೇವನಹಳ್ಳಿಯಿಂದ ಹೊರಟ ವಿಮಾನ ತುಮಕೂರನ್ನು ದಾಟೀತು, ಶಿರಾ ಮುಟ್ಟಲಾರದು. ಇದೂ ಮೇಲೇರುವ ಹೆಚ್ಚುವರಿ ಖರ್ಚನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಂದ ಉತ್ತರ.

ಕಾರಿನ ಹೋಲಿಕೆ ಎಲ್ಲಿ ತಪ್ಪುತ್ತದೆ ಎಂಬುದು ಇಲ್ಲಿಯೇ ಕಾಣುತ್ತದೆ. ನಿಮ್ಮ ಕಾರು 1.7 ಟನ್ ತೂಗಿ ಕಿಲೋಮೀಟರಿಗೆ 0.15 ಯೂನಿಟ್ ಬಳಸಿದರೆ ಟನ್ನಿಗೆ 0.09 ಯೂನಿಟ್ ಆಯಿತು. ವಿಮಾನಕ್ಕೆ ಟನ್ನಿಗೆ 0.226, ಅಂದರೆ ಎರಡೂವರೆ ಪಟ್ಟು. ಕಾರಿನ ತೂಕವನ್ನು ರಸ್ತೆ ಪುಕ್ಕಟೆಯಾಗಿ ಹೊರುತ್ತದೆ. ವಿಮಾನ ತನ್ನ ತೂಕವನ್ನು ತಾನೇ, ಪ್ರತಿ ಕ್ಷಣವೂ ಶಕ್ತಿ ತೆತ್ತು ಹೊರಬೇಕು. ಕಾರು ತಯಾರಕರು ಬ್ಯಾಟರಿಗೆ ಇನ್ನೂ ನೂರು ಕಿಲೊ ಸೇರಿಸಿ ದೂರವನ್ನು ಹೆಚ್ಚಿಸಿಕೊಳ್ಳಬಲ್ಲರು. ವಿಮಾನದಲ್ಲಿ ಆ ನೂರು ಕಿಲೊಗೆ ಒಬ್ಬ ಪ್ರಯಾಣಿಕನನ್ನು ಕೆಳಗಿಳಿಸಬೇಕು.

ಕಾರಿಗೂ ವಿಮಾನಕ್ಕೂ ಇರುವ ಇನ್ನೊಂದು ವ್ಯತ್ಯಾಸವನ್ನು ಪತ್ರಿಕೆಗಳಲ್ಲಿ ಬರುವ ಲೇಖನಗಳು ಸಾಮಾನ್ಯವಾಗಿ ಹೇಳುವುದೇ ಇಲ್ಲ, ಆದರೆ ಸಣ್ಣ ಮಾರ್ಗಗಳ ಮಟ್ಟಿಗೆ ಎಲ್ಲವನ್ನೂ ತೀರ್ಮಾನಿಸುವುದು ಅದೇ. ಯಾವ ಪ್ರಯಾಣಿಕ ವಿಮಾನವೂ ಗುರಿ ಮುಟ್ಟುವಷ್ಟೇ ಇಂಧನ ತುಂಬಿಕೊಂಡು ಹೊರಡುವಂತಿಲ್ಲ. ಹುಬ್ಬಳ್ಳಿಯಲ್ಲಿ ಮಳೆಯೋ ಮಂಜೋ ಕವಿದು ಇಳಿಯಲಾಗದಿದ್ದರೆ ಬದಲಿ ನಿಲ್ದಾಣಕ್ಕೆ ಹೋಗುವಷ್ಟು, ಅಲ್ಲಿಯ ಆಕಾಶದಲ್ಲಿ ಅರ್ಧ ಗಂಟೆ ಸುತ್ತುವಷ್ಟು ಇಂಧನ ಮೀಸಲಿರಬೇಕು. ಬದಲಿ ನಿಲ್ದಾಣ ತೀರಾ ಹತ್ತಿರದ ಬೆಳಗಾವಿಯೇ ಎಂದಿಟ್ಟುಕೊಳ್ಳಿ, 75 ಕಿ.ಮೀ. ಅರ್ಧ ಗಂಟೆಯ ಸುತ್ತಾಟ ಗಂಟೆಗೆ 300 ಕಿ.ಮೀ. ವೇಗದಲ್ಲಿ 150 ಕಿ.ಮೀ.ಗೆ ಸಮ. ಒಟ್ಟು 225 ಕಿ.ಮೀ., ಎಂದರೆ 1,170 ಯೂನಿಟ್. ನಮ್ಮ ಬ್ಯಾಟರಿಯಲ್ಲಿ ಇರುವುದೇ 456. ಬಳಸದೆ ಹಿಂದಕ್ಕೆ ತರಬೇಕಾದ ಮೀಸಲು ಶಕ್ತಿಗೇ ಏಳು ಟನ್ನಿಗೂ ಹೆಚ್ಚು ತೂಕದ ಬ್ಯಾಟರಿ ಬೇಕು!

ಒಬ್ಬ ಪ್ರಯಾಣಿಕನನ್ನೂ ಹತ್ತಿಸದೆ, 9.5 ಟನ್ನನ್ನೂ ಬ್ಯಾಟರಿಯಿಂದಲೇ ತುಂಬಿದರೆ? ಆಗ 1,520 ಯೂನಿಟ್ ಸಿಗುತ್ತದೆ. ಮೀಸಲು ಕಳೆದರೆ 350 ಉಳಿಯುತ್ತದೆ, ಖಾಲಿ ವಿಮಾನ ನಿಯಮಬದ್ಧವಾಗಿ 67 ಕಿ.ಮೀ. ಹೋದೀತು. ಇಂಧನದ ವಿಮಾನಕ್ಕಾದರೋ ಹುಬ್ಬಳ್ಳಿಯ ಪ್ರಯಾಣಕ್ಕೆ ನೆಲದ ಓಡಾಟ, ಮೇಲೇರುವ ಖರ್ಚು ಸೇರಿ 600 ಕಿಲೊ ಆಸುಪಾಸು, ಮೀಸಲಿಗೆ ಇನ್ನು 300 ಕಿಲೊ ಸಾಕು. 2.85 ಟನ್ನಿನ ಮಿತಿಯಲ್ಲಿ ಮೂರನೆಯ ಒಂದು ಭಾಗವೂ ಬಳಕೆಯಾಗುವುದಿಲ್ಲ.

ದೊಡ್ಡ ವಿಮಾನ ಕಟ್ಟಿದರೆ ಈ ತೊಡಕು ಬಿಡಿಸಿಕೊಳ್ಳುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಬಿಡಿಸಿಕೊಳ್ಳುವುದಿಲ್ಲ, ಏಕೆಂದರೆ ದೂರವನ್ನು ನಿರ್ಧರಿಸುವುದು ಬ್ಯಾಟರಿಯ ತೂಕವಲ್ಲ, ಒಟ್ಟು ತೂಕದಲ್ಲಿ ಬ್ಯಾಟರಿಗೆ ಸಿಕ್ಕ ಪಾಲು. ಮೀಸಲೂ ಸೇರಿ ನಮಗೆ ಬೇಕಾದದ್ದು 595 ಕಿ.ಮೀ.ಗಾಗುವಷ್ಟು ಶಕ್ತಿ. ಇಂದಿನ ಬ್ಯಾಟರಿಯಿಂದ ಅದನ್ನು ಪಡೆಯಬೇಕಾದರೆ ವಿಮಾನದ ತೂಕದ ಶೇಕಡಾ 84ರಷ್ಟು ಬ್ಯಾಟರಿಯೇ ಆಗಿರಬೇಕು. ರೆಕ್ಕೆ, ಒಡಲು, ಚಕ್ರ, ಮೋಟಾರು, ಮನುಷ್ಯರು ಎಲ್ಲವೂ ಉಳಿದ 16ರಲ್ಲಿ ಹಿಡಿಯಬೇಕು. ಎಟಿಆರ್‌ನ ಖಾಲಿ ಒಡಲೊಂದೇ ಶೇಕಡಾ 59. ಬ್ಯಾಟರಿ ಹೆಚ್ಚಿಸಿದರೆ ರೆಕ್ಕೆ ದೊಡ್ಡದಾಗಬೇಕು, ರೆಕ್ಕೆ ದೊಡ್ಡದಾದರೆ ತೂಕ ಏರುತ್ತದೆ, ತೂಕ ಏರಿದರೆ ಮತ್ತೆ ಬ್ಯಾಟರಿ ಸಾಲದು. ನೆದರ್ಲೆಂಡ್ಸ್‌ನ ಎಲಿಸಿಯನ್ ಎಂಬ ಸಂಸ್ಥೆ ಈ ಸುಳಿಯನ್ನು ಎದುರುಹಾಕಿಕೊಂಡೇ 90 ಆಸನಗಳ, 800 ಕಿ.ಮೀ. ಗುರಿಯ ವಿಮಾನವೊಂದನ್ನು ರೂಪಿಸುತ್ತಿದೆ. ಅದರ ನಕ್ಷೆಯಲ್ಲಿ ಒಟ್ಟು ತೂಕ ಸುಮಾರು 76 ಟನ್. 180 ಜನರನ್ನು ಒಯ್ಯುವ ಏರ್‌ಬಸ್ ಎ320ರ ತೂಕಕ್ಕೆ ಅದು ಹತ್ತಿರ. ಅಷ್ಟಾದರೂ ಬ್ಯಾಟರಿ ಕಿಲೊಗೆ 0.36 ಯೂನಿಟ್ ಕೊಡಬೇಕೆಂಬುದು ಅವರ ಲೆಕ್ಕದ ಆಧಾರ. ಮೀಸಲು ಶಕ್ತಿಗೆ ಅವರೂ ಇಂಧನದ ಟರ್ಬೈನನ್ನೇ ನೆಚ್ಚಿದ್ದಾರೆ. ನಾನು ಇದನ್ನು ಅವರ ಸೋಲೆಂದು ಹೇಳುತ್ತಿಲ್ಲ, ಲೆಕ್ಕವನ್ನು ಅರಿತವರ ಪ್ರಾಮಾಣಿಕತೆ ಎಂದು ಹೇಳುತ್ತಿದ್ದೇನೆ.

ಬ್ಯಾಟರಿಯ ಬಡತನಕ್ಕೆ ಕಾರಣ ತಂತ್ರಜ್ಞರ ಅಸಡ್ಡೆಯಲ್ಲ. ಒಂದು ಕಿಲೊ ಇಂಧನ ಉರಿಯಲು ಸುಮಾರು 3.4 ಕಿಲೊ ಆಮ್ಲಜನಕ ಬೇಕು. ವಿಮಾನ ಅದನ್ನು ಹೊತ್ತೊಯ್ಯುವುದಿಲ್ಲ, ದಾರಿಯಲ್ಲಿ ಗಾಳಿಯಿಂದ ಹೀರಿಕೊಳ್ಳುತ್ತದೆ, ಉರಿದ ಮೇಲೆ ಹೊರಗೆ ಬಿಡುತ್ತದೆ. ಬ್ಯಾಟರಿ ಮುಚ್ಚಿದ ಡಬ್ಬಿ. ಪ್ರತಿಕ್ರಿಯೆಯ ಎರಡೂ ಕಡೆಯ ವಸ್ತುಗಳು ಒಳಗೇ ಇರಬೇಕು, ಕೆಲಸ ಮುಗಿದ ಮೇಲೂ ಒಳಗೇ ಉಳಿಯಬೇಕು. ಕೆಲಸ ಮಾಡುವ ಲಿಥಿಯಂ ಹಗುರವೇ ಹೌದು, ಆದರೆ ಅದು ಕೂರುವ ಮನೆಗಳು ಭಾರ. ಒಂದು ಕಡೆ ಗ್ರಾಫೈಟ್, ಇನ್ನೊಂದು ಕಡೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್‌ಗಳ ಆಕ್ಸೈಡ್. ಗ್ರಾಫೈಟ್ ಗ್ರಾಂಗೆ ಗರಿಷ್ಠ 372 ಮಿಲಿಆಂಪ್-ಗಂಟೆಯಷ್ಟು ವಿದ್ಯುದಂಶ ಹಿಡಿಯುತ್ತದೆ, ಆಕ್ಸೈಡ್ 190ರ ಆಸುಪಾಸು. ಎರಡನ್ನೂ ಸರಿತೂಗಿಸಿ, 3.65 ವೋಲ್ಟಿನಿಂದ ಗುಣಿಸಿದರೆ ಕಿಲೊಗೆ 0.45 ಯೂನಿಟ್ ಬರುತ್ತದೆ. ಇದು ಕೇವಲ ಎರಡು ಪುಡಿಗಳ ಲೆಕ್ಕ. ವಿದ್ಯುತ್ತನ್ನು ಹೊರತರುವ ತಾಮ್ರದ ಮತ್ತು ಅಲ್ಯೂಮಿನಿಯಂ ಹಾಳೆಗಳು, ಅವುಗಳ ನಡುವಿನ ಪೊರೆ, ತೋಯಿಸುವ ದ್ರವ, ಕವಚ ಇವೆಲ್ಲ ಸೇರಿದ ಮೇಲೆ ಕೋಶದಲ್ಲಿ ಉಳಿಯುವುದು 0.3ರೊಳಗೆ.

ಹುಬ್ಬಳ್ಳಿಯ ಮಾರ್ಗಕ್ಕೆ ನಮ್ಮ 2.85 ಟನ್ನಿನೊಳಗೇ ಕೆಲಸ ಆಗಬೇಕಾದರೆ ಇಡೀ ಬ್ಯಾಟರಿಯೇ ಕಿಲೊಗೆ 1.35 ಯೂನಿಟ್ ಕೊಡಬೇಕು. ಕವಚ, ಹಾಳೆ, ದ್ರವ ಏನೂ ಇಲ್ಲದ ಪುಡಿಯೇ ಇಂದು 0.45 ಕೊಡುವಾಗ, ಅದರ ಮೂರು ಪಟ್ಟನ್ನು ಸಿದ್ಧ ಬ್ಯಾಟರಿಯಿಂದ ನಿರೀಕ್ಷಿಸಬೇಕೆಂದರೆ ಇದೇ ರಸಾಯನವನ್ನು ತಿದ್ದಿತೀಡಿ ಆಗುವ ಕೆಲಸವಲ್ಲ. ಗ್ರಾಫೈಟಿನ ಬದಲು ಸಿಲಿಕಾನ್ ಅಥವಾ ಲಿಥಿಯಂ ಲೋಹವನ್ನು ಬಳಸುವ ಪ್ರಯತ್ನಗಳು ನಿಜಕ್ಕೂ ಮುಂದುವರಿದಿವೆ, ಕೋಶದ ಮಟ್ಟದಲ್ಲಿ 0.4 ದಾಟಿದ ಮಾದರಿಗಳೂ ಇವೆ. ಅವುಗಳ ಕಷ್ಟವಿರುವುದು ಬಾಳಿಕೆಯಲ್ಲಿ.

ಆ ಬಾಳಿಕೆಯ ವಿಷಯವನ್ನು ತುಸು ಬಿಡಿಸಿ ಹೇಳಬೇಕು. ದಿನಕ್ಕೆ ಆರು ಸಲ ಹಾರುವ ವಿಮಾನದ ಬ್ಯಾಟರಿ ದಿನಕ್ಕೆ ಆರು ಸಲ ತುಂಬಿ ಬರಿದಾಗುತ್ತದೆ. ಸಾವಿರ ಆವರ್ತಗಳ ಬ್ಯಾಟರಿ ಆರು ತಿಂಗಳೊಳಗೆ ಮುದಿಯಾಗುತ್ತದೆ. ಹೊಸ ಬ್ಯಾಟರಿಯ ಅಂಕಿಯನ್ನು ಜಾಹೀರಾತಿನಲ್ಲಿ ಬರೆಯಬಹುದು, ವೇಳಾಪಟ್ಟಿಯನ್ನು ಮಾತ್ರ ಹಳೆಯ ಬ್ಯಾಟರಿಯ ಶಕ್ತಿಗೆ ತಕ್ಕಂತೆಯೇ ಹಾಕಬೇಕು. ಇಟಲಿಯ ಟೆಕ್ನಾಮ್ ಕಂಪನಿ ತನ್ನ ಪಿ-ವೋಲ್ಟ್ ಎಂಬ ಒಂಬತ್ತು ಆಸನಗಳ ವಿದ್ಯುತ್ ವಿಮಾನದ ಯೋಜನೆಯನ್ನು 2023ರ ಜೂನ್‌ನಲ್ಲಿ ಮುಂದೂಡಿದಾಗ ಕೊಟ್ಟ ಮುಖ್ಯ ಕಾರಣ ಇದೇ. ಸ್ವೀಡನ್ ಮೂಲದ ಹಾರ್ಟ್ ಏರೋಸ್ಪೇಸ್ ಮೊದಲು 19 ಆಸನಗಳ ಶುದ್ಧ ಬ್ಯಾಟರಿ ವಿಮಾನಕ್ಕೆ 400 ಕಿ.ಮೀ. ಗುರಿಯಿಟ್ಟುಕೊಂಡಿತ್ತು. 2022ರಲ್ಲಿ ಅದನ್ನು ಬಿಟ್ಟು 30 ಆಸನಗಳ ವಿನ್ಯಾಸಕ್ಕೆ ಬಂದು, ಬ್ಯಾಟರಿಯ ಮೇಲೆ 200 ಕಿ.ಮೀ., ಅದಕ್ಕೂ ಮುಂದಕ್ಕೆ ಇಂಧನ ಎಂದು ತೀರ್ಮಾನಿಸಿತು. ಅಮೆರಿಕದಲ್ಲಿ ಎವಿಯೇಶನ್ ಕಂಪನಿಯ ಆಲಿಸ್ ವಿಮಾನ 2022ರ ಸೆಪ್ಟೆಂಬರ್ 27ರಂದು ಎಂಟು ನಿಮಿಷ ಹಾರಿತು. ಒಂಬತ್ತು ಪ್ರಯಾಣಿಕರಿಗೆಂದು ರೂಪಿಸಿದ ಅದರ ತೂಕದಲ್ಲಿ ಬ್ಯಾಟರಿಯೇ ಮೂರೂವರೆ ಟನ್ನಿಗಿಂತ ಹೆಚ್ಚಿತ್ತು.

ಪೆಟ್ಟಿಗೆಯ ತೂಕವನ್ನು ಇಳಿಸಬಹುದಲ್ಲವೇ ಎನ್ನುವವರು 2013ರ ಜನವರಿಯನ್ನು ನೆನೆಯಬೇಕು. ಬಾಸ್ಟನ್ ನಿಲ್ದಾಣದಲ್ಲಿ ನಿಂತಿದ್ದ ಬೋಯಿಂಗ್ 787ರ ಒಂದು ಸಹಾಯಕ ಬ್ಯಾಟರಿಯಲ್ಲಿ ಕೋಶವೊಂದು ಕಾವೇರಿ ಪಕ್ಕದ ಕೋಶಗಳಿಗೂ ಬೆಂಕಿ ಹರಡಿತು, ಕೆಲವೇ ದಿನಗಳಲ್ಲಿ ಆ ಮಾದರಿಯ ಎಲ್ಲ ವಿಮಾನಗಳೂ ನೆಲಕ್ಕಿಳಿದವು. ಅವು ಮತ್ತೆ ಹಾರಿದ್ದು ಬ್ಯಾಟರಿಯ ಸುತ್ತ ಉಕ್ಕಿನ ಪೆಟ್ಟಿಗೆಯನ್ನೂ ಹೊಗೆಯನ್ನು ನೇರ ಹೊರಗೆ ಬಿಡುವ ಕೊಳವೆಯನ್ನೂ ಕೂರಿಸಿದ ಮೇಲೆಯೇ. ಇಬ್ಬರು ಎತ್ತಬಹುದಾದ ಬ್ಯಾಟರಿಗೆ ಅಷ್ಟು ಬಂದೋಬಸ್ತು ಬೇಕಾಗಿದ್ದರೆ, ಟನ್ನುಗಟ್ಟಲೆ ಬ್ಯಾಟರಿಗೆ ಪೆಟ್ಟಿಗೆಯ ತೂಕದಲ್ಲಿ ಜಿಪುಣತನ ಮಾಡಲಾಗದು.

ಇನ್ನು ಸುಸ್ಥಿರ ವಿಮಾನ ಇಂಧನ. ಅದಕ್ಕೆ ಮೇಲಿನ ಯಾವ ಲೆಕ್ಕವೂ ಅಡ್ಡಿಯಾಗುವುದಿಲ್ಲ, ಏಕೆಂದರೆ ರಾಸಾಯನಿಕವಾಗಿ ಅದು ಸೀಮೆಎಣ್ಣೆಯ ಜಾತಿಯದೇ. ಬಳಸಿದ ಅಡುಗೆ ಎಣ್ಣೆಯನ್ನು ಜಲಜನಕದೊಂದಿಗೆ ಹಾಯಿಸಿ ಅದರಲ್ಲಿನ ಆಮ್ಲಜನಕವನ್ನು ತೆಗೆದು, ಉಳಿದ ಉದ್ದನೆಯ ಇಂಗಾಲದ ಸರಪಳಿಗಳನ್ನು ಬೇಕಾದ ಅಳತೆಗೆ ಕತ್ತರಿಸಿ, ಕವಲೊಡೆಸಿದರೆ ಕಿಲೊಗೆ ಅದೇ 12 ಯೂನಿಟ್‌ನ ಇಂಧನ ಬರುತ್ತದೆ. ಅದೇ ಟ್ಯಾಂಕು, ಅದೇ ಎಂಜಿನ್, ಅದೇ ಟ್ಯಾಂಕರ್ ಲಾರಿ. ನಾವು ಲೆಕ್ಕಕ್ಕೆ ತೆಗೆದುಕೊಂಡ ಇದೇ ಎಟಿಆರ್ 72-600 ಮಾದರಿ 2022ರ ಜೂನ್‌ನಲ್ಲಿ ಸ್ವೀಡನ್ನಿನಲ್ಲಿ ಎರಡೂ ಎಂಜಿನ್‌ಗಳಲ್ಲಿ ಪೂರ್ತಿ ಸುಸ್ಥಿರ ಇಂಧನ ತುಂಬಿಕೊಂಡು ಹಾರಿದೆ. 2023ರ ನವೆಂಬರ್ 28ರಂದು ವರ್ಜಿನ್ ಅಟ್ಲಾಂಟಿಕ್‌ನ ಬೋಯಿಂಗ್ 787 ಲಂಡನ್ನಿನಿಂದ ನ್ಯೂಯಾರ್ಕಿಗೆ ಹೀಗೆಯೇ ಹೋಯಿತು. ನಮ್ಮಲ್ಲಿ 2018ರ ಆಗಸ್ಟ್ 27ರಂದು ಡೆಹ್ರಾಡೂನಿನಿಂದ ದೆಹಲಿಗೆ ಹಾರಿದ ಸ್ಪೈಸ್‌ಜೆಟ್ ವಿಮಾನದ ಇಂಧನದಲ್ಲಿ ಜತ್ರೋಫಾ ಬೀಜದ ಎಣ್ಣೆಯಿಂದ ತಯಾರಾದ ಪಾಲಿತ್ತು. ದೂರ ಹೆಚ್ಚಿದಷ್ಟೂ ಇಂಧನಕ್ಕೆ ಇನ್ನೊಂದು ಅನುಕೂಲವಿದೆ. ಉರಿದದ್ದು ಹೊರಗೆ ಹೋಗುವುದರಿಂದ ವಿಮಾನ ಗಂಟೆ ಗಂಟೆಗೆ ಹಗುರವಾಗುತ್ತದೆ, ಇಳಿಯುವಾಗ ಚಕ್ರಗಳ ಮೇಲೆ ಬೀಳುವ ಭಾರವೂ ಕಡಿಮೆ. ಎಟಿಆರ್ 23 ಟನ್ನಿನಲ್ಲಿ ಏರಬಹುದು, ಆದರೆ 22.35 ಟನ್ನಿಗಿಂತ ಹೆಚ್ಚಿನ ತೂಕದಲ್ಲಿ ಇಳಿಯುವಂತಿಲ್ಲ. ಪೂರ್ತಿ ತೂಕದ ಬ್ಯಾಟರಿ ವಿಮಾನ ಏರಿದಷ್ಟೇ ತೂಕದಲ್ಲಿ ಇಳಿಯುತ್ತದೆ, ಆದ್ದರಿಂದ ಚಕ್ರದ ಕಾಲುಗಳನ್ನೇ ಬದಲಾಯಿಸಬೇಕಾಗುತ್ತದೆ.

ಆದರೆ ಈ ಇಂಧನಕ್ಕೆ ನಾನು ವಕೀಲಿ ಮಾಡಲಾರೆ. ಉರಿದಾಗ ಅದೂ ಕಿಲೊಗೆ ಮೂರು ಕಿಲೊಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಉಗುಳುತ್ತದೆ. ಲಾಭವೇನಿದ್ದರೂ ಆ ಇಂಗಾಲ ಮೊದಲೇ ಗಾಳಿಯಿಂದ ಗಿಡಕ್ಕೆ ಬಂದದ್ದು ಎಂಬುದರಲ್ಲಿದೆ. ಸಾಮಾನ್ಯ ಬಳಕೆಯಲ್ಲಿ ಅರ್ಧದಷ್ಟು ಮಾತ್ರ ಬೆರೆಸಲು ಅನುಮತಿಯಿದೆ. ಹಳೆಯ ವಿಮಾನಗಳ ರಬ್ಬರ್ ಸೀಲುಗಳು ಉಬ್ಬಿ ಬಿಗಿಯಾಗಿರುವುದು ಪೆಟ್ರೋಲಿಯಂ ಇಂಧನದ ಆರೊಮ್ಯಾಟಿಕ್ ಅಂಶದಿಂದ. ಅಡುಗೆ ಎಣ್ಣೆಯಿಂದ ಬಂದ ಇಂಧನದಲ್ಲಿ ಅದು ಇಲ್ಲದಿರುವುದರಿಂದ ಸೀಲು ಕುಗ್ಗಿ ಸೋರುವ ಭಯವಿದೆ. ಎಲ್ಲಕ್ಕಿಂತ ದೊಡ್ಡ ಮಿತಿ ಸರಬರಾಜಿನದು. 2024ರಲ್ಲಿ ಜಗತ್ತಿನ ವಿಮಾನ ಇಂಧನದಲ್ಲಿ ಇದರ ಪಾಲು ಶೇಕಡಾ 0.3ರಷ್ಟಿತ್ತು, ಬೆಲೆ ಮಾಮೂಲಿ ಇಂಧನಕ್ಕಿಂತ ಎರಡರಿಂದ ಐದು ಪಟ್ಟು. ಭಾರತ ಅಂತರರಾಷ್ಟ್ರೀಯ ಹಾರಾಟಗಳಿಗೆ ಇಟ್ಟುಕೊಂಡಿರುವ ಗುರಿಯೂ 2027ಕ್ಕೆ ಶೇಕಡಾ 1, 2030ಕ್ಕೆ ಶೇಕಡಾ 5. ಕರಿದ ಎಣ್ಣೆ ಮುಗಿದ ಮೇಲೆ ವಿದ್ಯುತ್ತಿನಿಂದಲೇ ಇಂಧನ ತಯಾರಿಸಬಹುದು. ಆಗ ತಯಾರಿಕೆಯಲ್ಲಿ ಅರ್ಧದಷ್ಟು, ಎಂಜಿನ್‌ನಲ್ಲಿ ಉಳಿದುದರ ಮುಕ್ಕಾಲು ಪಾಲು ನಷ್ಟವಾಗಿ ಒಂದು ಯೂನಿಟ್‌ನಲ್ಲಿ ನೂಕುವ ಕೆಲಸಕ್ಕೆ ಉಳಿಯುವುದು ಎಂಟನೆಯ ಒಂದು ಭಾಗ. ಬ್ಯಾಟರಿಯ ದಾರಿಯಲ್ಲಿ ಅದೇ ಯೂನಿಟ್‌ನ ಹತ್ತಿರ ಹತ್ತಿರ ಮುಕ್ಕಾಲು ಭಾಗ ದಕ್ಕುತ್ತದೆ.

ಹೀಗಾಗಿ ಬ್ಯಾಟರಿ ಹೊಂದುವ ಕಡೆ ಅದನ್ನು ಬಿಟ್ಟು ಇಂಧನ ಸುಡುವುದು ದಂಡವೇ ಸರಿ. ಅಂಥ ಜಾಗ ಇಂದು ಪೈಲಟ್ ತರಬೇತಿ. ಪಿಪಿಸ್ಟ್ರೆಲ್ ಕಂಪನಿಯ ವೆಲಿಸ್ ಎಲೆಕ್ಟ್ರೋ 2020ರ ಜೂನ್‌ನಲ್ಲಿ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆಯಿಂದ ಪ್ರಮಾಣಪತ್ರ ಪಡೆದ ಮೊದಲ ಪೂರ್ಣ ವಿದ್ಯುತ್ ವಿಮಾನ. ಅದರ ಗರಿಷ್ಠ ತೂಕ 600 ಕಿಲೊ, ಅದರಲ್ಲಿ ಎರಡು ಬ್ಯಾಟರಿಗಳು ಸೇರಿ ಸುಮಾರು 140 ಕಿಲೊ, ಇಬ್ಬರು ಮನುಷ್ಯರಿಗೆ ಬಿಟ್ಟ ಪಾಲು 172 ಕಿಲೊ. ಮೀಸಲನ್ನು ಬಿಟ್ಟು ಗರಿಷ್ಠ 50 ನಿಮಿಷ ಹಾರುತ್ತದೆ. ಹಗಲು ಹೊತ್ತು, ತಿಳಿಯಾದ ಆಕಾಶದಲ್ಲಿ, ನಿಲ್ದಾಣದ ಕಣ್ಣಳತೆಯಲ್ಲೇ ಏರುತ್ತ ಇಳಿಯುತ್ತ ಪಾಠ ಕಲಿಯುವ ವಿದ್ಯಾರ್ಥಿಗೆ ಬದಲಿ ನಿಲ್ದಾಣದ ಲೆಕ್ಕವೇ ಬರುವುದಿಲ್ಲ. ಜಕ್ಕೂರಿನಂಥ ಮೈದಾನದ ಸುತ್ತ ಆಗುವ ಆರಂಭದ ಪಾಠಗಳಿಗೆ ಇಷ್ಟು ಸಾಕು. ಆದರೆ ಆ ಇಬ್ಬರೂ ತಲಾ 86 ಕಿಲೊ ಮೀರದಂತೆ ನೋಡಿಕೊಳ್ಳಬೇಕು.